ಚೀಟಿಯ ಅಂಕಿ ಅರ್ಧ ಮಾತು

ಪ್ರಶ್ನೆ

ನಾನು ಸಿಂದಗಿಯವಳು. 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತಳಾಗಿದ್ದೇನೆ. ಓಣಿಯವರಿಗೆಲ್ಲ ಈಗಲೂ ನಾನು ‘ಅಕ್ಕೋರು’. ಬರುವ ತಿಂಗಳು ನಮ್ಮ ಸಮುದಾಯ ಭವನದಲ್ಲಿ ಸಕ್ಕರೆ ತಪಾಸಣೆಯ ಶಿಬಿರವಿದೆ. ‘ಅಕ್ಕೋರ, ನೀವು ಹತ್ತು ನಿಮಿಷ ಮಾತಾಡ್ರಿ, ಮಂದಿ ನಿಮ್ಮ ಮಾತು ಕೇಳ್ತಾರ’ ಎಂದು ಹುಡುಗರು ಬಂದು ಹೇಳಿಹೋದರು. ಹೂಂ ಅಂದುಬಿಟ್ಟೆ. ಈಗ ಅಳುಕಾಗುತ್ತಿದೆ.

ಕಾರಣ ಇಷ್ಟು. ಹೋದ ವರ್ಷ ಶ್ರಾವಣ ಸೋಮವಾರ ಇಂಥದ್ದೇ ಶಿಬಿರವಾಗಿತ್ತು. ಬೆರಳು ಚುಚ್ಚಿ, ಅಂಕಿಯನ್ನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಕೂಗಿ ಹೇಳಿದರು. ಪಕ್ಕದ ಮನೆಯಾಕೆಗೆ 172 ಬಂತು. ‘ನಿಮಗ ಶುಗರ್ ಅದ’ ಎಂದರು. ಮದುವೆಗೆ ಬಂದ ಮಗಳಿರುವ ಮನೆ, ಆಕೆ ಮುಖ ಮುಚ್ಚಿಕೊಂಡು ಹೊರಗೆ ಹೋದಳು. ಅನ್ನ, ರೊಟ್ಟಿ ಎರಡನ್ನೂ ಬಿಟ್ಟು ನಾದಿನಿಯ ಗುಳಿಗೆ ನುಂಗತೊಡಗಿದಳು. ನಾಲ್ಕನೇ ದಿನ ಬೆವತು, ಕೈ ನಡುಗಿ, ಅಡುಗೆಮನೆಯಲ್ಲೇ ಕುಸಿದಳು. ಹಿಂದಿನ ಓಣಿಯ ಕಾಕಾನಿಗೆ 118 ಬಂತು. ‘ನಾರ್ಮಲ್’ ಎಂದರು. ಆತ ಅಂದಿನಿಂದ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹೆಚ್ಚಿಗೆ ಹಾಕಿಸಿಕೊಳ್ಳುತ್ತಾನೆ. ಈ ಸಲ ಮಂದಿ, ‘ಚುಚ್ಚಿಸಿಕೊಂಡ್ರ ರೋಗ ಹಚ್ಚಿ ಕಳಸ್ತಾರ’ ಎನ್ನುತ್ತಿದ್ದಾರೆ. ಹೆದರಿಸಿದರೆ ಬರುವುದಿಲ್ಲ, ಹೆದರಿಸದಿದ್ದರೂ ಬರುವುದಿಲ್ಲ. ನಾನು ಏನು ಹೇಳಲಿ?

– ನಿವೃತ್ತ ಶಿಕ್ಷಕಿ, ಸಿಂದಗಿ

ಉತ್ತರ

ಅಕ್ಕೋರೇ, ನಮಸ್ಕಾರ. ನಿಮ್ಮ ಪತ್ರದಲ್ಲೇ ನಿಮ್ಮ ಭಾಷಣವಿದೆ. 172ರ ಹೆಣ್ಣುಮಗಳು ಮತ್ತು 118ರ ಕಾಕಾ, ಈ ಇಬ್ಬರ ಕಥೆ ಬಿಡಿಸಿ ಹೇಳಿದರೆ ಸಾಕು, ಬೇರೆ ಉಪದೇಶ ಬೇಡ. ಅಂದು ಆ ಇಬ್ಬರಿಗೂ ಹೇಳಿದ ಮಾತು ತಪ್ಪು. ಒಬ್ಬರಿಗೆ ಇಲ್ಲದ ತೀರ್ಪು ಕೊಟ್ಟರು, ಇನ್ನೊಬ್ಬರಿಗೆ ಸಲ್ಲದ ಧೈರ್ಯ ಕೊಟ್ಟರು.

ಮೊದಲು ಕಾಕಾನ ವಿಷಯ. ಆ ದಿನ ಶ್ರಾವಣ ಸೋಮವಾರ ಎಂದು ಬರೆದಿದ್ದೀರಿ. ಆತ ಒಪ್ಪೊತ್ತು ಮಾಡುವವನೇ? ಹಿಂದಿನ ರಾತ್ರಿ ಉಂಡವನು ಬೆಳಿಗ್ಗೆ ಬರೀ ನೀರು ಕುಡಿದು ಬಂದಿದ್ದನೇ? ಕೇಳಿ ನೋಡಿ. ಹಾಗಿದ್ದರೆ ಆ 118 ಖಾಲಿ ಹೊಟ್ಟೆಯ ಅಂಕಿ. ಊಟ ಮಾಡಿ ಬಂದವನಿಗೆ 118 ಚೆನ್ನಾಗಿಯೇ ಇದೆ. ಆದರೆ ಎಂಟು ತಾಸು ಏನೂ ತಿನ್ನದವನಲ್ಲಿ ಅದು 100ರೊಳಗೆ ಇರಬೇಕು. 100ರಿಂದ 125 ಎಂದರೆ ಅಂಚಿನಲ್ಲಿ ನಿಂತಂತೆ, 126 ಮತ್ತು ಮೇಲೆ ಎಂದರೆ ಸಕ್ಕರೆ ಕಾಯಿಲೆಯ ಅಳತೆ. ಒಂದೇ 118, ಉಂಡವನಿಗೆ ಒಂದು ಅರ್ಥ, ಉಪವಾಸಿಗೆ ಇನ್ನೊಂದು. ‘ಕಡೆಗೆ ಏನಾದರೂ ತಿಂದು ಎಷ್ಟು ಹೊತ್ತಾಯಿತು?’ ಎಂದು ಆ ಸಾಲಿನಲ್ಲಿ ಯಾರಾದರೂ ಕೇಳಿದ್ದರೆ ಕಾಕಾನ ಚಹಾದಲ್ಲಿ ಇವತ್ತು ಆ ಹೆಚ್ಚಿನ ಚಮಚ ಇರುತ್ತಿರಲಿಲ್ಲ.

ಇನ್ನು 172. ಆಕೆ ಮನೆಯಿಂದ ಸುಸಲಾ ತಿಂದು, ಭವನದ ಬಾಗಿಲಲ್ಲಿ ಸಿಹಿ ಚಹಾ ಕುಡಿದು ಸಾಲಿಗೆ ನಿಂತಿದ್ದರೆ, ತಿಂದ ತಾಸೊಪ್ಪತ್ತಿನಲ್ಲಿ ಆರೋಗ್ಯವಂತರಿಗೂ ಸಕ್ಕರೆ ಏರಿಯೇ ಇರುತ್ತದೆ. ಜೊತೆಗೆ ಬೆರಳಿನ ಯಂತ್ರಕ್ಕೆ ತನ್ನದೇ ಮಿತಿ ಇದೆ. ಒಳ್ಳೆಯ ಗ್ಲುಕೋಮೀಟರ್ ಕೂಡ ನೂರಕ್ಕೆ ಹದಿನೈದರಷ್ಟು ಆಚೀಚೆ ತೋರಿಸಬಹುದು. ಅಂದರೆ ಆ 172 ನಿಜದಲ್ಲಿ 150ರ ಹತ್ತಿರವೂ ಇರಬಹುದು, 190ಕ್ಕೂ ಮೇಲಿರಬಹುದು. ಹಾಗೆಂದು ಆ ಅಂಕಿಯನ್ನು ತಳ್ಳಿಹಾಕುವಂತಿಲ್ಲ. ನಮ್ಮ ಸರ್ಕಾರಿ ತಪಾಸಣೆಯಲ್ಲಿ ಯಾವ ಹೊತ್ತಿಗೆ ಚುಚ್ಚಿದರೂ 140 ದಾಟಿದವರನ್ನು ಮುಂದಿನ ಪರೀಕ್ಷೆಗೆ ಕಳಿಸುತ್ತಾರೆ. ಕಳಿಸುವುದಷ್ಟೇ, ಹೆಸರು ಹಚ್ಚುವುದಲ್ಲ. ಶಿಬಿರದ ಚೀಟಿ ಅರ್ಧ ಮಾತು. ಉಳಿದರ್ಧವನ್ನು ಹೇಳುವುದು ಎರಡನೇ ಪರೀಕ್ಷೆ. ನಿಮ್ಮ ಹತ್ತು ನಿಮಿಷದಲ್ಲಿ ಇದೊಂದು ಮಾತು ಮಂದಿಯ ತಲೆಗೆ ಹೋದರೂ ಸಾಕು.

‘ಇರುವಿ ಹತ್ತಿಲ್ಲ, ಅಂದ್ರ ಸಕ್ರಿ ಇಲ್ಲ’

ಇದನ್ನು ನೀವೂ ಕೇಳಿರುತ್ತೀರಿ. ಬಚ್ಚಲಿಗೆ ಇರುವೆ ಹತ್ತಿಲ್ಲ, ರಾತ್ರಿ ಎದ್ದು ಹೋಗುವುದಿಲ್ಲ, ಬಾಯಿ ಆರುವುದಿಲ್ಲ, ಮತ್ತೇಕೆ ತಪಾಸಣೆ ಎಂಬ ವಾದ. ಇದಕ್ಕೆ ಸರಿಯಾದ ಉತ್ತರ ಕೊಟ್ಟರೆ ಅರ್ಧ ಓಣಿ ಎದ್ದು ಬರುತ್ತದೆ.

ರಕ್ತದ ಸಕ್ಕರೆ ಸುಮಾರು 180ರ ಒಳಗಿರುವಾಗ ಮೂತ್ರಪಿಂಡ ಅದನ್ನು ಸೋಸಿ ಮತ್ತೆ ರಕ್ತಕ್ಕೇ ಮರಳಿಸುತ್ತದೆ. ಆ ಮಟ್ಟ ದಾಟಿದ ಮೇಲಷ್ಟೇ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ. ಇಳಿಯುವಾಗ ನೀರನ್ನೂ ಎಳೆದೊಯ್ಯುತ್ತದೆ. ಅದಕ್ಕೇ ಮೇಲಿಂದ ಮೇಲೆ ಮೂತ್ರ, ಅದಕ್ಕೇ ನೀರಡಿಕೆ, ಅದಕ್ಕೇ ಇರುವೆ. ಹಾಗಾಗಿ ಇರುವೆ ಹತ್ತುವ ಮೊದಲೇ, ಖಾಲಿ ಹೊಟ್ಟೆಯ 130, 140ರಲ್ಲಿ ವರ್ಷಗಟ್ಟಲೆ ಏನೂ ಗೊತ್ತಾಗದೆ ಇರಬಹುದು.

ನಿಮ್ಮ ಕಡೆಯ ಮಂದಿಗೆ ಇದನ್ನು ಹೊಲದ ಒಡ್ಡಿನ ಲೆಕ್ಕದಲ್ಲಿ ಹೇಳಿ. ಮಳೆ ಜಾಸ್ತಿಯಾದಾಗ ನೀರು ಒಡ್ಡು ದಾಟಿ ದಾರಿಗೆ ಬಂದರೆ ಹೋಗುವವರಿಗೆಲ್ಲ ಕಾಣುತ್ತದೆ. ಆದರೆ ಒಡ್ಡಿನೊಳಗೆ ಎರೆಮಣ್ಣಿನಲ್ಲಿ ನಿಂತ ನೀರು ಅಷ್ಟರೊಳಗೇ ತೊಗರಿಯ ಬೇರು ಕೊಳೆಸಿರುತ್ತದೆ. ಇಲ್ಲಿ ಒಡ್ಡು ಎಂದರೆ ಮೂತ್ರಪಿಂಡದ ಆ 180. ಬೇರು ಎಂದರೆ ಕಣ್ಣಿನ ಹಿಂಭಾಗದ ಎಳೆ ರಕ್ತನಾಳ, ಪಾದದ ಸ್ಪರ್ಶದ ನರ, ಮೂತ್ರಪಿಂಡದ ಸೋಸುವ ಜಾಲರಿ.

ಬ್ರಿಟನ್ನಿನಲ್ಲಿ 1977ರಿಂದ 20 ವರ್ಷ ನಡೆದ ದೊಡ್ಡ ಅಧ್ಯಯನವೊಂದರಲ್ಲಿ, ‘ಸಕ್ಕರೆ ಕಾಯಿಲೆ ಇದೆ’ ಎಂದು ಹೊಸದಾಗಿ ಗೊತ್ತಾದವರನ್ನೇ ಸೇರಿಸಿಕೊಂಡಿದ್ದರು. ಗೊತ್ತಾದ ಆ ದಿನವೇ ಸುಮಾರು ಅರ್ಧದಷ್ಟು ಜನರ ಅಂಗಾಂಗದಲ್ಲಿ ಹಾನಿಯ ಗುರುತು ಕಂಡಿತ್ತು. ‘ಬೇಗ’ ಎನ್ನುವುದಕ್ಕೆ ಇದೇ ಕಾರಣ. ಕಣ್ಣು ಮಂಜಾದ ಮೇಲೆ, ಚಪ್ಪಲಿ ಜಾರಿದ್ದು ಪಾದಕ್ಕೆ ಗೊತ್ತಾಗದ ಮೇಲೆ ಬಂದರೆ ನಾವು ನಿಲ್ಲಿಸಬಲ್ಲೆವೇ ಹೊರತು ಹಿಂದಕ್ಕೆ ತರುವುದು ಕಷ್ಟ.

ಶಿಬಿರದ ಮೇಜಿನ ಬಳಿ

ನಿಮ್ಮ ಮಾತಿಗಿಂತ ಮೊದಲು ಹುಡುಗರನ್ನು ಕೂರಿಸಿಕೊಂಡು ಕೆಲವು ಕೆಲಸ ಗಟ್ಟಿ ಮಾಡಿಸಿ. ಇಲ್ಲವಾದರೆ ನೀವು ಎಷ್ಟು ಚೆನ್ನಾಗಿ ಮಾತಾಡಿದರೂ ಹೋದ ವರ್ಷದ್ದೇ ಕಥೆ.

ಬಾಗಿಲಲ್ಲಿ ಒಂದು ಕೊಡ ನೀರು, ಸಾಬೂನು, ಒಣ ವಸ್ತ್ರ ಇರಲಿ. ಇದು ಶಿಷ್ಟಾಚಾರಕ್ಕಲ್ಲ. ಬೆಲ್ಲ ಮುಟ್ಟಿದ, ಬಾಳೆಹಣ್ಣು ಸುಲಿದ, ಪ್ರಸಾದದ ಸಕ್ಕರೆ ಹಿಡಿದ ಬೆರಳಿನಲ್ಲಿ ಕಣ್ಣಿಗೆ ಕಾಣದ ಸಿಹಿ ಉಳಿದಿರುತ್ತದೆ. ಅದರ ಮೇಲೆ ಚುಚ್ಚಿದರೆ ಯಂತ್ರ ರಕ್ತದ ಸಕ್ಕರೆಯ ಜೊತೆ ಬೆರಳಿನ ಬೆಲ್ಲವನ್ನೂ ಅಳೆಯುತ್ತದೆ. ಗುಡಿಯ ಪಕ್ಕದ ಶಿಬಿರದಲ್ಲಿ ಹಣ್ಣು–ಕಾಯಿ ಹಿಡಿದೇ ಸಾಲಿಗೆ ನಿಂತ ಅಜ್ಜಿಗೆ 260 ಬಂದು, ಕೈ ತೊಳೆಸಿ ಮತ್ತೆ ನೋಡಿದಾಗ 131 ಆದದ್ದನ್ನು ನಾನೇ ಕಂಡಿದ್ದೇನೆ. ಬರೀ ಸ್ಪಿರಿಟ್ ಹತ್ತಿಯಿಂದ ಒರೆಸಿದರೆ ಅಂಟಿದ ಸಿಹಿ ಪೂರ್ತಿ ಹೋಗುವುದಿಲ್ಲ. ಸ್ಪಿರಿಟ್ ಆರದೆ ಚುಚ್ಚಿದರೂ ಅಂಕಿ ಕೆಡುತ್ತದೆ.

ಒಬ್ಬರಿಗೆ ಒಂದು ಸೂಜಿ. ಪೆನ್ನಿನಂಥ ಚುಚ್ಚುವ ಸಾಧನವನ್ನು ಸೂಜಿ ಬದಲಿಸಿಯೂ ಹಲವರಿಗೆ ಬಳಸಬಾರದು. ಅದರ ತುದಿಗೆ ಅಂಟಿದ ರಕ್ತದಿಂದ ಕಾಮಾಲೆಯ ಬಿ ವೈರಸ್ ದಾಟಬಲ್ಲದು. ಒಮ್ಮೆ ಚುಚ್ಚಿ ಎಸೆಯುವ ಸೂಜಿಗಳೇ ಬರಲಿ. ಬೆರಳ ತುದಿಯ ನಡುವೆ ಬೇಡ, ಪಕ್ಕದಲ್ಲಿ ಚುಚ್ಚಿದರೆ ನೋವು ಕಡಿಮೆ. ಯಂತ್ರದ ಪಟ್ಟಿಗಳ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವಕ್ಕೆ ಅವು ಕೆಡುತ್ತವೆ. ಒಂದು ತೆಗೆದ ಕೂಡಲೇ ಮುಚ್ಚಬೇಕು.

ಚೀಟಿಯಲ್ಲಿ ಅಂಕಿಯ ಪಕ್ಕ ‘ತಿಂದು ಎಷ್ಟು ತಾಸು’ ಎಂಬ ಕಾಲಂ ಇರಲೇಬೇಕು. ಚೀಟಿಯನ್ನು ಮಡಚಿ ಕೈಗೆ ಕೊಡಬೇಕು, ಕೂಗಬಾರದು. ಮದುವೆಗೆ ಬಂದ ಮಗಳಿರುವ ತಾಯಿ ಸಾಲಿನಲ್ಲಿ ನಿಲ್ಲುವುದು ಈ ಭರವಸೆಯ ಮೇಲೆಯೇ.

172 ಬಂದಾಕೆ ಮಾಡಬೇಕಿದ್ದದ್ದು

ಆಕೆ ಮರುದಿನ ಎಂದಿನಂತೆಯೇ ಉಣ್ಣಬೇಕಿತ್ತು. ಪರೀಕ್ಷೆಗೆ ಮೊದಲು ರೊಟ್ಟಿ ಬಿಟ್ಟರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಎರಡು ಮೂರು ದಿನ ಮಾಮೂಲಿ ಊಟ, ಪರೀಕ್ಷೆಯ ಹಿಂದಿನ ರಾತ್ರಿ ಉಂಡು ಎಂಟರಿಂದ ಹತ್ತು ತಾಸು ಖಾಲಿ ಹೊಟ್ಟೆ. ನೀರು ಕುಡಿಯಬಹುದು, ಚಹಾ ಕುಡಿಯಬಾರದು. ‘ಸಕ್ಕರೆ ಇಲ್ಲದ ಚಾ ಕುಡದೀನ್ರಿ’ ಎನ್ನುವವರು ಬಹಳ. ಅದರ ಹಾಲೂ ಲೆಕ್ಕಕ್ಕೆ ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲೋ ಪ್ರಯೋಗಾಲಯದಲ್ಲೋ ತೋಳಿನ ರಕ್ತನಾಳದಿಂದ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ಕರಗಿಸಿದ ಒಂದು ಲೋಟ ನೀರನ್ನು ಐದು ನಿಮಿಷದಲ್ಲಿ ಕುಡಿದು, ಅಲ್ಲೇ ಕೂತು, ಸರಿಯಾಗಿ ಎರಡು ತಾಸಿಗೆ ಮತ್ತೆ ರಕ್ತ ಕೊಡಬೇಕು. ನಡುವೆ ಸಂತೆಗೆ ಹೋಗಿ ಬರುವಂತಿಲ್ಲ.

ಅಲ್ಲಿ ಖಾಲಿ ಹೊಟ್ಟೆಯಲ್ಲಿ 112, ಎರಡು ತಾಸಿನ ಮೇಲೆ 168 ಬಂತು ಎಂದಿಟ್ಟುಕೊಳ್ಳಿ. ಎರಡು ತಾಸಿನ ಅಂಕಿ 140ರ ಒಳಗಿದ್ದರೆ ನಿಶ್ಚಿಂತೆ, 200 ಮುಟ್ಟಿದರೆ ಕಾಯಿಲೆ. 168 ಎರಡರ ನಡುವೆ. ಅಂದರೆ ಆಕೆಗೆ ಸಕ್ಕರೆ ಕಾಯಿಲೆ ಇಲ್ಲ, ಅದರ ಹೊಸ್ತಿಲಲ್ಲಿದ್ದಾಳೆ. ನಾದಿನಿಯ ಗುಳಿಗೆಗೆ ಇಲ್ಲಿ ಕೆಲಸವೇ ಇರಲಿಲ್ಲ. ಕೆಲವು ಗುಳಿಗೆಗಳು ಮೇದೋಜೀರಕವನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತವೆ. ಉಣ್ಣದವರು ಅವನ್ನು ನುಂಗಿದರೆ ಸಕ್ಕರೆ ತಳ ಮುಟ್ಟುತ್ತದೆ. ಬೆವರು, ನಡುಕ, ಕಣ್ಣುಕತ್ತಲೆ, ನೀವು ಬರೆದದ್ದೆಲ್ಲ ಅದರದ್ದೇ ಲಕ್ಷಣ. ಹಾಗಾದಾಗ ಎಚ್ಚರವಿದ್ದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಹೊಸ್ತಿಲಲ್ಲಿ ಇರುವವರಿಗೆ ಏನು ಮಾಡಬಹುದು ಎಂಬುದಕ್ಕೆ ನಮ್ಮ ದೇಶದ್ದೇ ಸಾಕ್ಷಿ ಇದೆ. ಚೆನ್ನೈನ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಇಂಥ 531 ಜನರನ್ನು ಸುಮಾರು ಮೂರು ವರ್ಷ ನೋಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಶೇಷ ಸಲಹೆ ಇಲ್ಲದೆ ಬಿಟ್ಟ ನೂರು ಜನರಲ್ಲಿ 55 ಮಂದಿಗೆ ಕಾಯಿಲೆ ಬಂತು. ದಿನಕ್ಕೆ ಅರ್ಧ ತಾಸು ಬಿರುಸಾಗಿ ನಡೆದು, ಸಿಹಿ ಮತ್ತು ಎಣ್ಣೆ ಕಡಿಮೆ ಮಾಡಿದ ನೂರರಲ್ಲಿ 39 ಮಂದಿಗೆ. ಯಾರಿಗೂ ಬರುವುದೇ ಇಲ್ಲ ಎಂದು ಹೇಳಬೇಡಿ, ಅದು ನಿಜವಲ್ಲ. ಆದರೆ ನೂರರಲ್ಲಿ ಹದಿನಾರು ಮನೆ ಉಳಿದದ್ದು ನಿಜ, ಅದನ್ನು ಧೈರ್ಯವಾಗಿ ಹೇಳಿ.

ಇನ್ನೊಂದು ಎಚ್ಚರ. ಉಪವಾಸವಿಲ್ಲದೆ ಮಾಡುವ ‘ಮೂರು ತಿಂಗಳ ಸಕ್ಕರೆ’ ಪರೀಕ್ಷೆ ಈಗ ಎಲ್ಲೆಡೆ ಇದೆ, ಅನುಕೂಲವೂ ಹೌದು. ಆದರೆ ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇರುವ ಹೆಣ್ಣುಮಕ್ಕಳಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅಂಥವರಿಗೆ ಖಾಲಿ ಹೊಟ್ಟೆ ಮತ್ತು ಎರಡು ತಾಸಿನ ಪರೀಕ್ಷೆಯೇ ಮೇಲು.

ಶಿಬಿರದಲ್ಲೇ 200 ದಾಟಿ, ಜೊತೆಗೆ ನೀರಡಿಕೆ, ತೂಕ ಇಳಿತ ಇದ್ದವರು ವಾರ ಕಾಯದೆ ಮರುದಿನವೇ ವೈದ್ಯರನ್ನು ನೋಡಲಿ. 300ರ ಮೇಲಿದ್ದು ವಾಂತಿ, ಏದುಸಿರು ಇದ್ದರೆ ಅಂದೇ, ಆಗಲೇ.

ಇನ್ನು ನಿಮ್ಮ ಮಾತು

ಹತ್ತು ನಿಮಿಷ ಎಂದರು, ನೀವು ಐದಕ್ಕೇ ಮುಗಿಸಿ. ನಿಮ್ಮ ಓಣಿಯ ಮಾತಿನಲ್ಲೇ ಒಂದು ಮಾದರಿ ಬರೆದಿದ್ದೇನೆ, ತಿದ್ದಿಕೊಳ್ಳಿ.

“ಎಲ್ಲಾರಿಗೂ ನಮಸ್ಕಾರ್ರಿ. ಮೊದಲ ನನ್ನ ಬೆರಳು ಚುಚ್ಚಿಸ್ಕೊಂಡೇ ಮೈಕ್ ಹಿಡದೀನಿ. ಇರುವಿ ಕಡದಷ್ಟು ನೋವು, ಅಷ್ಟ. ನನ್ನ ಚೀಟಿ ನನ್ನ ಸೆರಗಿನ ಗಂಟಿನ್ಯಾಗ ಅದ. ನಿಮ್ಮದೂ ನಿಮ್ಮ ಕಡೆನೇ ಇರ್ತದ. ಈ ಸಲ ಯಾರ ಅಂಕಿನೂ ಯಾರೂ ಒದರಂಗಿಲ್ಲ, ಅದಕ್ಕ ನಾ ಜವಾಬ್ದಾರಿ.

ಸಕ್ರಿ ಬ್ಯಾನಿ ಇದ್ರ ಗೊತ್ತಾಗ್ತದ ಅಂತೀರಿ. ಒಡ್ಡಿನ್ಯಾಗ ನೀರು ನಿಂತ್ರ ದಾರಿಗಿ ಹೋಗೋರಿಗೆ ಕಾಣ್ತದೇನು? ತೊಗರಿ ಬೇರಿಗೆ ಗೊತ್ತಾಗ್ತದ. ನೀರು ಒಡ್ಡು ದಾಟಿದ ಮ್ಯಾಲ ಓಡಿ ಬಂದ್ರ ಬೆಳಿ ಸಿಗಂಗಿಲ್ಲ. ಒಡ್ಡಿನೊಳಗ ಇಣುಕಿ ನೋಡೂದಕ್ಕ ಈ ಸೂಜಿ.

ನಾವು ಜ್ವಾಳದ ರೊಟ್ಟಿ ತಿನ್ನವ್ರು, ನಮಗ ಬರಂಗಿಲ್ಲ ಅಂತ ಕಾಕಾ ಅಂತಿದ್ದ. ಜ್ವಾಳ ಒಳ್ಳೇದೇ. ಆದ್ರ ದಿನಕ್ಕ ಐದು ಕಪ್ ಚಾ, ಒಂದೊಂದಕ್ಕ ಎರಡು ಚಮಚ. ಸಂಜಿಗೆ ಹತ್ತು ಚಮಚ ಸಕ್ರಿ ಹೊಟ್ಟಿಗೆ ಹೋತು. ಅದನ್ನ ಜ್ವಾಳ ಬಂದು ತೊಳೆಯಂಗಿಲ್ಲ. ಬೆಲ್ಲ ಹಾಕ್ತೀವಿ ಅಂದ್ರೂ ಲೆಕ್ಕ ಅಷ್ಟ.

ಮೂವತ್ತು ದಾಟಿದವರೆಲ್ಲ ಬರ್ರಿ. ಅಪ್ಪಗೋ ಅವ್ವಗೋ ಸಕ್ರಿ ಇದ್ದವರು, ಬಸುರಿದ್ದಾಗ ಸಕ್ರಿ ಬಂದು ಹೋದವರು, ನಡು ದಪ್ಪ ಆದವರು ಮೊದಲ ಬರ್ರಿ. ಕೈ ತೊಳಕೊಂಡು ಬರ್ರಿ. ಏನು ತಿಂದೀರಿ, ಯಾವಾಗ ತಿಂದೀರಿ, ಖರೇ ಹೇಳ್ರಿ.

ಚೀಟಿ ಬಂತು ಅಂದ್ರ ರಿಜಲ್ಟ್ ಬಂತು ಅಂತ ತಿಳಕೋಬ್ಯಾಡ್ರಿ. ಇದು ತಿಂಗಳ ಟೆಸ್ಟು, ವಾರ್ಷಿಕ ಪರೀಕ್ಷಾ ಅಲ್ಲ. 140 ದಾಟಿದವ್ರು ವಾರದೊಳಗ ಖಾಲಿ ಹೊಟ್ಟಿಲೆ ದವಾಖಾನಿಗೆ ಹೋಗ್ರಿ. ಇವತ್ತು ಖಾಲಿ ಹೊಟ್ಟಿಲೆ ಬಂದವ್ರು ನೂರು ದಾಟಿದ್ರೂ ಹೋಗ್ರಿ. ಅಲ್ಲೀತನಕ ಊಟ ಬಿಡಬ್ಯಾಡ್ರಿ, ಮತ್ತೊಬ್ಬರ ಗುಳಿಗಿ ಮುಟ್ಟಬ್ಯಾಡ್ರಿ. ನಾ ಬಾಗಲದಾಗ ಪುಸ್ತಕ ಹಿಡಕೊಂಡು ಕುಂತಿರ್ತೀನಿ.”

ಆ ಪುಸ್ತಕ

ಕೊನೆಯ ಸಾಲು ಸುಮ್ಮನೆ ಬರೆದದ್ದಲ್ಲ. ಶಿಬಿರಗಳು ಸೋಲುವುದು ಸೂಜಿಯಲ್ಲಲ್ಲ, ಶಿಬಿರ ಮುಗಿದ ಮರುವಾರದಲ್ಲಿ. ಚೀಟಿ ಕ್ಯಾಲೆಂಡರಿನ ಹಿಂದೆ ಸೇರುತ್ತದೆ, ಬಿತ್ತನೆ ಬರುತ್ತದೆ, ಜಾತ್ರೆ ಬರುತ್ತದೆ, ಎರಡನೇ ಪರೀಕ್ಷೆ ಉಳಿದುಹೋಗುತ್ತದೆ. ಮೂವತ್ತು ದಾಟಿದವರ ಸಕ್ಕರೆ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆಗೇ ಬಂದು ನೋಡುವ ಏರ್ಪಾಡೂ ಇದೆ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ವೇದಿಕೆಯ ಬದಲು ನಿಮ್ಮ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಳ್ಳಿ.

ಪುಸ್ತಕದಲ್ಲಿ ಅಂಕಿ ಬರೆಯಬೇಡಿ. ಮುಂದೆ ಹೋಗಬೇಕಾದವರ ಹೆಸರು, ಹೋಗುವ ದಿನ, ಪಕ್ಕದಲ್ಲಿ ಒಂದು ಖಾಲಿ ಮನೆ, ಇಷ್ಟೇ. ಎರಡನೇ ಪರೀಕ್ಷೆ ಮುಗಿಸಿ ಬಂದವರ ಮುಂದೆ ‘ಹಾ’ ಎಂದು ಬರೆಯಿರಿ. ಬಾರದವರ ಮನೆಗೆ ಸಂಜೆ ಹೋಗಿ ಬನ್ನಿ. 34 ವರ್ಷ ಹಾಜರಿ ಕರೆದವರು ನೀವು. ಗೈರಾದ ಹುಡುಗನ ಮನೆಯ ದಾರಿ ನಿಮಗೆ ಗೊತ್ತಿದೆ. ಮೊದಲ ಹೆಸರು ಆ ಕಾಕಾನದೇ ಇರಲಿ.